ಎರಡು ತಾರೀಖುಗಳ ನಡುವೆ ಎಷ್ಟು ದಿನ?

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6ರಂದು. ತೀರಿಕೊಂಡದ್ದು 1986ರ ಜೂನ್ 6ರಂದು. ಹುಟ್ಟಿದ ದಿನವೇ ಕಣ್ಣು ಮುಚ್ಚಿದ್ದರಿಂದ ಅವರ ಆಯುಸ್ಸಿನ ಲೆಕ್ಕದಲ್ಲಿ ತಿಂಗಳುಗಳ ಚೂರುಪಾರು ಏನೂ ಉಳಿಯುವುದಿಲ್ಲ. ತುಂಬಿದ್ದು ಸರಿಯಾಗಿ 95 ವರ್ಷ. ಹಾಗಾದರೆ ದಿನಗಳೆಷ್ಟು?

ಲೆಕ್ಕ ಬಲ್ಲವರು ಕೂಡಲೇ 95ನ್ನು 365ರಿಂದ ಗುಣಿಸುತ್ತಾರೆ, 34,675 ಬರುತ್ತದೆ. ಆಮೇಲೆ ಲೀಪ್ ವರ್ಷಗಳ ಹೆಚ್ಚುವರಿ ದಿನಗಳನ್ನು ಸೇರಿಸಬೇಕು. 1892, 1896, 1900 ಎಂದು ನಾಲ್ಕು ನಾಲ್ಕು ವರ್ಷ ಹಾರುತ್ತ 1984ರವರೆಗೆ ಎಣಿಸಿದರೆ 24 ಸಿಗುತ್ತವೆ. ಮೊತ್ತ 34,699. ಗುಣಾಕಾರವನ್ನೇ ಬೇರೆ ದಾರಿಯಲ್ಲಿ ಮಾಡಿ, 95ನ್ನು 365.25ರಿಂದ ಗುಣಿಸಿದರೂ 34,698.75 ಬಂದು, ಹತ್ತಿರದ ಪೂರ್ಣಾಂಕ 34,699 ಎಂದೇ ಆಗುತ್ತದೆ. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅದು ತಪ್ಪು. ಸರಿಯಾದ ಉತ್ತರ 34,698.

ಆ ಒಂದು ದಿನ ಎಲ್ಲಿ ಹೋಯಿತು? 1900ರಲ್ಲಿ ಹೋಯಿತು. ಆ ವರ್ಷ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆದರೂ ಅದರ ಫೆಬ್ರುವರಿಗೆ 28 ದಿನ ಮಾತ್ರ.

ಹನ್ನೊಂದು ನಿಮಿಷದ ಹೆಚ್ಚುವರಿ

ನಿಯಮ ಮೂರು ಮೆಟ್ಟಿಲಿನದು. ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ ನೂರರಿಂದಲೂ ಭಾಗವಾದರೆ ಅಲ್ಲ. ಹಾಗೆ ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮತ್ತೆ ಅಧಿಕ ವರ್ಷವೇ. ಆದ್ದರಿಂದ 1700, 1800, 1900 ಸಾಮಾನ್ಯ ವರ್ಷಗಳು. 1600 ಮತ್ತು 2000 ಅಧಿಕ ವರ್ಷಗಳು. ಶಾಲೆಯಲ್ಲಿ ಎಲ್ಲರೂ ಮೊದಲ ಮೆಟ್ಟಿಲನ್ನು ಕಲಿಯುತ್ತಾರೆ. ಉಳಿದೆರಡು ಮರೆತುಹೋಗುವುದಕ್ಕೆ ಕಾರಣವೂ ಇದೆ. ಇಂದು ಬದುಕಿರುವವರ ನೆನಪಿನಲ್ಲಿ ಬಂದ ಏಕೈಕ ಶತಮಾನದ ವರ್ಷ 2000, ಅದು ಮೊದಲ ಮೆಟ್ಟಿಲಿನ ನಿಯಮಕ್ಕೂ ಹೊಂದಿಕೊಂಡುಬಿಟ್ಟಿತು. ಉಳಿದೆರಡು ನಿಯಮ ಗೊತ್ತಿಲ್ಲದವರಿಗೂ ಆ ವರ್ಷ ಲೆಕ್ಕ ತಪ್ಪಲಿಲ್ಲ.

ಇಷ್ಟು ಗೊಂದಲ ಯಾಕೆ ಬೇಕಾಯಿತೆಂದರೆ, ಋತುಚಕ್ರ ಒಂದು ಸುತ್ತು ಮುಗಿಯಲು 365 ದಿನ, 5 ಗಂಟೆ, 48 ನಿಮಿಷ, ಸುಮಾರು 45 ಸೆಕೆಂಡು ಬೇಕು. ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್ ಜಾರಿಗೆ ತಂದ ಕ್ಯಾಲೆಂಡರ್ ಇದನ್ನು 365 ದಿನ 6 ಗಂಟೆ ಎಂದು ಹಿಡಿದು ನಾಲ್ಕು ವರ್ಷಕ್ಕೊಂದು ದಿನ ಸೇರಿಸಿತು. ವರ್ಷಕ್ಕೆ ಹನ್ನೊಂದು ನಿಮಿಷ ಮತ್ತು ಕೆಲವು ಸೆಕೆಂಡು ಹೆಚ್ಚಾಗಿ ಕೊಟ್ಟಂತಾಯಿತು. ಒಂದು ವರ್ಷದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ, ಆದರೆ 128 ವರ್ಷದಲ್ಲಿ ಒಂದು ಇಡೀ ದಿನವಾಗುತ್ತದೆ. ಹದಿನಾರನೆಯ ಶತಮಾನಕ್ಕೆ ಬರುವಾಗ, ಕ್ರೈಸ್ತ ಧರ್ಮಸಭೆ ಮಾರ್ಚ್ 21 ಎಂದು ನಂಬಿದ್ದ ವಸಂತ ವಿಷುವ ಮಾರ್ಚ್ 11ಕ್ಕೆ ಜಾರಿತ್ತು. ಈಸ್ಟರ್ ಹಬ್ಬದ ತಾರೀಖು ಆ ವಿಷುವವನ್ನೇ ಆಧರಿಸಿದ್ದರಿಂದ ಹಬ್ಬವೂ ಜಾರುತ್ತಿತ್ತು.

ಪೋಪ್ 13ನೆಯ ಗ್ರೆಗರಿ 1582ರಲ್ಲಿ ಮಾಡಿದ ತಿದ್ದುಪಡಿ ಎರಡು ಭಾಗದ್ದು. ಹಳೆಯ ಬಾಕಿ ತೀರಿಸಲು ಅಕ್ಟೋಬರ್ 4, ಗುರುವಾರದ ಮರುದಿನವನ್ನು ಅಕ್ಟೋಬರ್ 15, ಶುಕ್ರವಾರವೆಂದು ಘೋಷಿಸಿದರು. ಹತ್ತು ತಾರೀಖುಗಳು ಮಾಯವಾದವು, ವಾರದ ಸರಣಿ ಮಾತ್ರ ತಪ್ಪಲಿಲ್ಲ. ಮುಂದೆ ಬಾಕಿ ಬೆಳೆಯದಂತೆ ನೂರು-ನಾನೂರರ ನಿಯಮ ತಂದರು. ಅದರಿಂದ 400 ವರ್ಷಗಳಲ್ಲಿ 100ರ ಬದಲು 97 ಅಧಿಕ ವರ್ಷಗಳು. ಸರಾಸರಿ ವರ್ಷ 365.2425 ದಿನ. ನಿಜವಾದ ವರ್ಷಕ್ಕೂ ಇದಕ್ಕೂ ಇನ್ನು ಅರ್ಧ ನಿಮಿಷಕ್ಕಿಂತ ಕಡಿಮೆ ವ್ಯತ್ಯಾಸ. ಅದು ಒಂದು ದಿನವಾಗಿ ಕೂಡಲು ಮೂರು ಸಾವಿರ ವರ್ಷಕ್ಕೂ ಹೆಚ್ಚು ಬೇಕು.

ನೂರರ ನಿಯಮದ ಪರಿಣಾಮವನ್ನು ಸ್ವತಃ ಅನುಭವಿಸಿದ ಪ್ರಧಾನಿಯೊಬ್ಬರು ನಮ್ಮ ದೇಶದಲ್ಲಿದ್ದರು. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರುವರಿ 29ರಂದು. ಸಾಮಾನ್ಯವಾಗಿ ಆ ದಿನ ಹುಟ್ಟಿದ ಮಗುವಿಗೆ ನಾಲ್ಕು ವರ್ಷ ಕಾದರೆ ಅದೇ ತಾರೀಖು ಸಿಗುತ್ತದೆ. 1900ರಲ್ಲಿ ಆ ತಾರೀಖೇ ಇರಲಿಲ್ಲವಾದ್ದರಿಂದ ಅವರು ತಮ್ಮ ತಾರೀಖನ್ನು ಮತ್ತೆ ಕಂಡದ್ದು 1904ರಲ್ಲಿ, ಎಂಟು ತುಂಬಿದಾಗ. 1995ರ ಏಪ್ರಿಲ್ 10ರಂದು ತೀರಿಕೊಳ್ಳುವ ಹೊತ್ತಿಗೆ ಫೆಬ್ರುವರಿ 29 ಅವರಿಗೆ 23 ಸಲ ಮರಳಿ ಬಂದಿತ್ತು.

ರೋಮಿನ ಪುರೋಹಿತರು ಎಡವಿದ್ದು

ದಿನ ಎಣಿಸುವಾಗ ಆಗುವ ತಪ್ಪುಗಳಲ್ಲಿ ಅಧಿಕ ವರ್ಷದ್ದು ಅಪರೂಪದ್ದು. ಹೆಚ್ಚು ಸಾಮಾನ್ಯವಾದ ತಪ್ಪು ಇನ್ನೊಂದಿದೆ: ತುದಿಯ ದಿನಗಳನ್ನು ಸೇರಿಸಬೇಕೋ ಬಿಡಬೇಕೋ ಎಂಬುದು. ಅಧಿಕ ವರ್ಷದ ಚರಿತ್ರೆಯ ಮೊದಲ ಎಡವಟ್ಟೂ ಇದೇ.

ಸೀಸರ್ ಹೊಸ ಕ್ಯಾಲೆಂಡರ್ ಜಾರಿಗೆ ತಂದ ಮರುವರ್ಷವೇ ಕೊಲೆಯಾದ. ಅದನ್ನು ನಡೆಸಿಕೊಂಡು ಹೋಗುವ ಹೊಣೆ ರೋಮಿನ ಪುರೋಹಿತರ ಮೇಲೆ ಬಿತ್ತು. ಪ್ರತಿ ನಾಲ್ಕನೆಯ ವರ್ಷ ಒಂದು ದಿನ ಸೇರಿಸಬೇಕೆಂಬ ಆಜ್ಞೆಯನ್ನು ಅವರು ತಮ್ಮ ರೂಢಿಯಂತೆ ಓದಿಕೊಂಡರು. ರೋಮನ್ನರು ಎಣಿಸುವಾಗ ಆರಂಭದ ದಿನ ಅಥವಾ ವರ್ಷವನ್ನೂ ಒಂದು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಅಧಿಕ ವರ್ಷವನ್ನೇ ಒಂದು ಎಂದು ಎಣಿಸಿದರೆ ಮುಂದಿನ 'ನಾಲ್ಕನೆಯ ವರ್ಷ' ಮೂರೇ ವರ್ಷದಲ್ಲಿ ಬಂದುಬಿಡುತ್ತದೆ. ಹೀಗೆ 36 ವರ್ಷಗಳಲ್ಲಿ 9ರ ಬದಲು 12 ದಿನ ಸೇರಿಹೋದವು. ತಪ್ಪು ಗೊತ್ತಾದ ಮೇಲೆ ಚಕ್ರವರ್ತಿ ಅಗಸ್ಟಸ್ ಹನ್ನೆರಡು ವರ್ಷ ಒಂದೂ ಅಧಿಕ ದಿನ ಸೇರಿಸಬಾರದೆಂದು ಕಟ್ಟಪ್ಪಣೆ ಮಾಡಿ ಹೆಚ್ಚಾಗಿದ್ದ ಮೂರು ದಿನಗಳನ್ನು ಸರಿದೂಗಿಸಬೇಕಾಯಿತು. ಒಂದು ಸಾಮ್ರಾಜ್ಯದ ಕ್ಯಾಲೆಂಡರು ದಾರಿ ತಪ್ಪಿದ್ದು ಖಗೋಳ ಗೊತ್ತಿಲ್ಲದ್ದರಿಂದ ಅಲ್ಲ, ಒಂದರಿಂದ ನಾಲ್ಕರವರೆಗೆ ಎಣಿಸುವ ರೀತಿಯಿಂದ ಎಂಬುದು ಈ ವಿಷಯದಲ್ಲಿ ಎಲ್ಲಕ್ಕಿಂತ ನೆನಪಿಡಬೇಕಾದ ಸಂಗತಿ.

ರೋಮನ್ನರ ಆ ರೂಢಿ ನಮ್ಮಲ್ಲೂ ಇದೆ. ಯಾರಾದರೂ 1ನೆಯ ತಾರೀಖು ತೀರಿಕೊಂಡರೆ ಹದಿಮೂರನೆಯ ದಿನದ ಸಮಾರಾಧನೆ 13ಕ್ಕೇ ಬರುತ್ತದೆ, 14ಕ್ಕಲ್ಲ. ಮೊದಲ ದಿನವೂ ಲೆಕ್ಕಕ್ಕೆ ಸೇರಿದೆ. ನ್ಯಾಯಾಲಯದ ಲೆಕ್ಕ ಇದಕ್ಕೆ ತದ್ವಿರುದ್ಧ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೆಯ ಕಲಮಿನ ಪ್ರಕಾರ, ಕಾನೂನಿನಲ್ಲಿ 'ಇಂಥ ದಿನದಿಂದ' ಎಂಬ ಪದವಿದ್ದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬಹುದು. ಜೂನ್ 1ರಿಂದ 30 ದಿನದ ಗಡುವು ಎಂದರೆ ಎಣಿಕೆ ಶುರುವಾಗುವುದು ಜೂನ್ 2ರಿಂದ, ಕೊನೆಯ ದಿನ ಜುಲೈ 1. ಮೇಲ್ಮನವಿ ಹಾಕುವವರಿಗೆ ಈ ಒಂದು ದಿನ ಇಡೀ ಪ್ರಕರಣವಾಗಬಹುದು.

ಒಂದು ಸಣ್ಣ ಉದಾಹರಣೆ ಸಾಕು. ಒಬ್ಬ ನೌಕರ 2024ರ ಫೆಬ್ರುವರಿ 10ರಿಂದ ಮಾರ್ಚ್ 5ರವರೆಗೆ ರಜೆ ಹಾಕಿದ್ದಾನೆ. ಆ ಫೆಬ್ರುವರಿಗೆ 29 ದಿನ. 29ರಲ್ಲಿ 10 ಕಳೆದರೆ 19, ಮಾರ್ಚಿನ 5 ಸೇರಿಸಿದರೆ 24. ಆದರೆ ರಜೆಯ ಖಾತೆಯಲ್ಲಿ ಕಳೆಯುವುದು 25 ದಿನ. ಹತ್ತನೆಯ ತಾರೀಖೂ ಐದನೆಯ ತಾರೀಖೂ ಅವನು ಕಚೇರಿಗೆ ಬಂದಿಲ್ಲವಲ್ಲ. ಅದೇ 10ರಂದು ಅವನು ಬ್ಯಾಂಕಿನಲ್ಲಿ ಹಣ ಇಟ್ಟು 5ರಂದು ಹಿಂದಕ್ಕೆ ಪಡೆದಿದ್ದರೆ ಬಡ್ಡಿ ಸಿಗುವುದು ಸಾಮಾನ್ಯವಾಗಿ 24 ದಿನಕ್ಕೆ. ಹಣ ಇಟ್ಟ ದಿನ ಸೇರುತ್ತದೆ, ತೆಗೆದ ದಿನ ಸೇರುವುದಿಲ್ಲ. ಎರಡೂ ಉತ್ತರ ಸರಿ, ಪ್ರಶ್ನೆ ಬೇರೆ ಬೇರೆ. ಆದ್ದರಿಂದ ಕೈಲೆಕ್ಕಕ್ಕೆ ಕೂರುವ ಮುನ್ನ ಮೊದಲು ವ್ಯತ್ಯಾಸ ಕಂಡುಹಿಡಿದು, ಎರಡು ತುದಿಯೂ ಬೇಕಾದರೆ ಕೊನೆಗೆ ಒಂದು ಕೂಡಿಸುವುದು ಒಳ್ಳೆಯ ಪದ್ಧತಿ. ಇಲ್ಲಿಂದ ಮುಂದೆ ಈ ಲೇಖನದಲ್ಲಿ ಬರುವ ಸಂಖ್ಯೆಗಳೆಲ್ಲ ವ್ಯತ್ಯಾಸಗಳೇ.

ವರ್ಷವನ್ನು ಮಾರ್ಚ್‌ನಿಂದ ಶುರು ಮಾಡಿ

ತಿಂಗಳುಗಳನ್ನು ದಾಟುವುದೇ ಕೈಲೆಕ್ಕದ ತಲೆನೋವು. ಜನವರಿಯಿಂದ ಹೊರಟರೆ ಎರಡನೆಯ ಹೆಜ್ಜೆಯಲ್ಲೇ ಫೆಬ್ರುವರಿ ಎಂಬ ಗುಂಡಿ ಸಿಗುತ್ತದೆ, ಅದರ ಆಳ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಮುಂದಿನ ಹತ್ತು ತಿಂಗಳ ಲೆಕ್ಕವೂ ಅದಕ್ಕೆ ತಕ್ಕಂತೆ ಅಲುಗಾಡುತ್ತದೆ. ಇದಕ್ಕೆ ಸುಲಭವಾದ ಪರಿಹಾರವೆಂದರೆ ವರ್ಷವನ್ನು ಮಾರ್ಚ್ 1ರಿಂದ ಶುರು ಮಾಡಿ ಜನವರಿ, ಫೆಬ್ರುವರಿಗಳನ್ನು ಹಿಂದಿನ ವರ್ಷದ ಬಾಲಕ್ಕೆ ಸೇರಿಸುವುದು. ಆಗ 29ನೆಯ ತಾರೀಖು ವರ್ಷದ ಕಟ್ಟಕಡೆಯ ದಿನವಾಗುತ್ತದೆ. ಅದು ಬಂದರೂ ಬರದಿದ್ದರೂ ಬೇರೆ ಯಾವ ತಿಂಗಳಿಗೂ ಪೆಟ್ಟಿಲ್ಲ. ಇದು ಹೊಸ ಉಪಾಯವೇನಲ್ಲ. ಪ್ರಾಚೀನ ರೋಮಿನ ವರ್ಷ ಮಾರ್ಚ್‌ನಿಂದಲೇ ಆರಂಭವಾಗುತ್ತಿತ್ತು. ಅಧಿಕ ದಿನವನ್ನು ಫೆಬ್ರುವರಿಗೇ ಸೇರಿಸಿದ್ದು ಅದು ವರ್ಷದ ಕೊನೆಯ ತಿಂಗಳಾಗಿದ್ದ ಕಾಲದ ರೂಢಿ.

ಮಾರ್ಚ್‌ನಿಂದ ಹೊರಟರೆ ತಿಂಗಳ ಉದ್ದವೂ ಕೈಬೆರಳಿಗೆ ಹೊಂದುತ್ತದೆ. ಹೆಬ್ಬೆರಳು ಮಾರ್ಚ್, ತೋರುಬೆರಳು ಏಪ್ರಿಲ್, ನಡುಬೆರಳು ಮೇ, ಉಂಗುರಬೆರಳು ಜೂನ್, ಕಿರುಬೆರಳು ಜುಲೈ. ಅವುಗಳ ದಿನ 31, 30, 31, 30, 31. ಮತ್ತೆ ಹೆಬ್ಬೆರಳಿಗೆ ಬಂದರೆ ಆಗಸ್ಟ್, ಅಲ್ಲಿಂದ ಡಿಸೆಂಬರ್‌ವರೆಗೆ ಅದೇ 31, 30, 31, 30, 31. ಒಂದು ಕೈಗೆ 153 ದಿನ. ಮೂರನೆಯ ಸುತ್ತಿನಲ್ಲಿ ಹೆಬ್ಬೆರಳಿಗೆ ಜನವರಿ, 31. ತೋರುಬೆರಳಿನ ಫೆಬ್ರುವರಿಯಲ್ಲಿ ವರ್ಷ ಮುಗಿಯುತ್ತದೆ. ಜುಲೈ, ಆಗಸ್ಟ್ ಎರಡಕ್ಕೂ 31 ಏಕೆ ಬಂತೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಒಂದು ಕಿರುಬೆರಳು, ಇನ್ನೊಂದು ಹೆಬ್ಬೆರಳು.

ಪ್ರತಿ ತಿಂಗಳು ಶುರುವಾಗುವ ಮುಂಚೆ ಎಷ್ಟು ದಿನ ಕಳೆದಿರುತ್ತವೆ ಎಂಬುದನ್ನು ಒಮ್ಮೆ ಬರೆದಿಟ್ಟುಕೊಂಡರೆ ಎಲ್ಲ ವರ್ಷಕ್ಕೂ ಅದೇ ಸಾಕು. ಮಾರ್ಚ್‌ಗೆ 0, ಏಪ್ರಿಲ್‌ಗೆ 31, ಮೇಗೆ 61, ಜೂನ್‌ಗೆ 92, ಜುಲೈಗೆ 122, ಆಗಸ್ಟ್‌ಗೆ 153, ಸೆಪ್ಟೆಂಬರ್‌ಗೆ 184, ಅಕ್ಟೋಬರ್‌ಗೆ 214, ನವೆಂಬರ್‌ಗೆ 245, ಡಿಸೆಂಬರ್‌ಗೆ 275, ಜನವರಿಗೆ 306, ಫೆಬ್ರುವರಿಗೆ 337.

ಈಗ ಒಂದು ನಿಜವಾದ ಲೆಕ್ಕ. ದ.ರಾ. ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಅಂದರೆ ಮೊರಾರ್ಜಿಯವರಿಗಿಂತ 29 ದಿನ ಮೊದಲು. ತೀರಿಕೊಂಡದ್ದು 1981ರ ಅಕ್ಟೋಬರ್ 26ರಂದು. ವರಕವಿ ಬದುಕಿದ್ದು ಎಷ್ಟು ದಿನ?

ಮೊದಲು ಎರಡೂ ತಾರೀಖನ್ನು ಮಾರ್ಚ್-ವರ್ಷಕ್ಕೆ ಬದಲಿಸಬೇಕು. ಅಕ್ಟೋಬರ್ 26 ಎಂದರೆ 214ಕ್ಕೆ 26 ಕೂಡಿಸಿ 240ನೆಯ ದಿನ, ವರ್ಷ 1981. ಜನವರಿ 31 ಎಂದರೆ 306ಕ್ಕೆ 31 ಕೂಡಿಸಿ 337ನೆಯ ದಿನ. ಜನವರಿ ಹಿಂದಿನ ವರ್ಷದ ಬಾಲವಾದ್ದರಿಂದ ವರ್ಷ 1896 ಅಲ್ಲ, 1895. ಹೊಸಬರು ಮರೆಯುವುದು ಇದೊಂದನ್ನೇ. ಮರೆತರೆ ಉತ್ತರದಲ್ಲಿ ಒಂದು ಇಡೀ ವರ್ಷ ಕಡಿಮೆಯಾಗುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಎರಡನೆಯದು ವರ್ಷಗಳ ಲೆಕ್ಕ. 1981ರಲ್ಲಿ 1895 ಕಳೆದರೆ 86. ಅದನ್ನು 365ರಿಂದ ಗುಣಿಸಿದರೆ 31,390.

ಮೂರನೆಯದು ಅಧಿಕ ದಿನಗಳು. ಇಲ್ಲಿ ಒಂದೊಂದೇ ವರ್ಷವನ್ನು ಬೆರಳು ಮಡಿಸಿ ಎಣಿಸುವ ಅಗತ್ಯವಿಲ್ಲ, ಗ್ರೆಗರಿಯ ಮೂರು ಮೆಟ್ಟಿಲೇ ಸೂತ್ರವಾಗುತ್ತದೆ. ವರ್ಷವನ್ನು 4ರಿಂದ ಭಾಗಿಸಿ ಬಂದ ಭಾಗಲಬ್ಧದಲ್ಲಿ 100ರಿಂದ ಭಾಗಿಸಿದ ಭಾಗಲಬ್ಧವನ್ನು ಕಳೆದು, 400ರಿಂದ ಭಾಗಿಸಿದ್ದನ್ನು ಕೂಡಿಸಬೇಕು. ಶೇಷಗಳನ್ನು ಬಿಟ್ಟುಬಿಡಬೇಕು. 1981ಕ್ಕೆ 495ರಲ್ಲಿ 19 ಕಳೆದು 4 ಕೂಡಿಸಿದರೆ 480. 1895ಕ್ಕೆ 473ರಲ್ಲಿ 18 ಕಳೆದು 4 ಕೂಡಿಸಿದರೆ 459. ವ್ಯತ್ಯಾಸ 21. ಮಧ್ಯೆ ಸಿಗುವ 1900ರ ಬಗ್ಗೆ ಯೋಚಿಸದಿದ್ದರೂ ಸೂತ್ರವೇ ಅದನ್ನು ಕಳೆದುಬಿಟ್ಟಿದೆ. 18 ಇದ್ದದ್ದು 19 ಆದದ್ದು ಅದರಿಂದಲೇ.

ಇನ್ನು ಕೂಡಿ ಕಳೆಯುವುದು. 31,390ಕ್ಕೆ 21 ಸೇರಿ 31,411. ಅದಕ್ಕೆ 240 ಕೂಡಿಸಿ 337 ಕಳೆದರೆ 31,314. ಬೇಂದ್ರೆಯವರ ಬಾಳು ಇಷ್ಟು ದಿನ. ಕೊನೆಯ ವರ್ಷಗಳಲ್ಲಿ ಅವರು ಸಂಖ್ಯೆಗಳ ಧ್ಯಾನದಲ್ಲೇ ಮುಳುಗಿದ್ದರು, 441 ಅವರನ್ನು ಬಹುವಾಗಿ ಸೆಳೆದ ಸಂಖ್ಯೆ. ಆ 441ನ್ನು 71 ಸಲ ತೆಗೆದುಕೊಂಡರೆ 31,311 ಆಗುತ್ತದೆ, ಅವರ ಆಯುಸ್ಸಿಗೆ ಮೂರೇ ದಿನ ಕಡಿಮೆ. ಇದರಲ್ಲಿ ಗೂಢಾರ್ಥ ಹುಡುಕಬೇಕಿಲ್ಲ. ಆದರೆ ಇಂಥದ್ದು ಅವರ ಕಣ್ಣಿಗೆ ಬಿದ್ದಿದ್ದರೆ ಹಾಗೇ ಬಿಡುತ್ತಿರಲಿಲ್ಲ ಎಂದು ಅವರ ಓದುಗರಿಗೆ ಅನ್ನಿಸದೆ ಇರದು.

ಏಳರಿಂದ ಭಾಗಿಸಿ ನೋಡಿ

ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ವಾರ ಸಾಕ್ಷಿ ಹೇಳುತ್ತದೆ. 1896ರ ಜನವರಿ 31 ಶುಕ್ರವಾರ, 1981ರ ಅಕ್ಟೋಬರ್ 26 ಸೋಮವಾರ. ಶುಕ್ರವಾರದಿಂದ ಸೋಮವಾರಕ್ಕೆ ಮೂರು ದಿನ. 31,314ನ್ನು ಏಳರಿಂದ ಭಾಗಿಸಿದರೆ ಶೇಷವೂ 3. ಲೆಕ್ಕ ಸರಿ. ಮಾಸ್ತಿಯವರದ್ದನ್ನೂ ಹೀಗೆ ಪರೀಕ್ಷಿಸಬಹುದು. 1891ರ ಜೂನ್ 6 ಶನಿವಾರ, 1986ರ ಜೂನ್ 6 ಶುಕ್ರವಾರ, ನಡುವೆ 6. 34,698ನ್ನು ಏಳರಿಂದ ಭಾಗಿಸಿದರೆ ಶೇಷ 6 ಬರುತ್ತದೆ. ತಪ್ಪಾದ 34,699ಕ್ಕೆ ಶೇಷ ಸೊನ್ನೆ, ಆ ಲೆಕ್ಕದಂತೆ ಮಾಸ್ತಿ ಹುಟ್ಟಿದ ವಾರವೂ ತೀರಿಕೊಂಡ ವಾರವೂ ಒಂದೇ ಆಗಬೇಕಿತ್ತು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಒಂದೆರಡು ದಿನದ ತಪ್ಪನ್ನು ಅದು ತಪ್ಪದೆ ಹಿಡಿಯುತ್ತದೆ, ಸರಿಯಾಗಿ ಏಳು ದಿನದ ತಪ್ಪನ್ನು ಹಿಡಿಯಲಾರದು. ಆದರೆ ಕೈಲೆಕ್ಕದಲ್ಲಿ ಆಗುವ ತಪ್ಪು ಬಹುಪಾಲು ಒಂದು ದಿನದ್ದೇ. ಅದು ತುದಿಯ ದಿನವಾಗಿರುತ್ತದೆ, ಇಲ್ಲವೇ ಫೆಬ್ರುವರಿ 29 ಆಗಿರುತ್ತದೆ.

ನಮ್ಮ ಪಂಚಾಂಗಕರ್ತರು ಇದೇ ಪರೀಕ್ಷೆಯನ್ನು ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ಕಲಿಯುಗದ ಆರಂಭದಿಂದ ಬೇಕಾದ ದಿನದವರೆಗೆ ಕಳೆದ ದಿನಗಳ ಸಂಖ್ಯೆಗೆ ಅಹರ್ಗಣ ಎನ್ನುತ್ತಾರೆ. ಗ್ರಹಗಳ ಸ್ಥಾನ ಗಣಿಸಲು ಮೊದಲು ಬೇಕಾಗುವುದೇ ಇದು. ಚಾಂದ್ರಮಾನದಲ್ಲಿ ಇದನ್ನು ಗಣಿಸುವುದು ಇಂಗ್ಲಿಷ್ ಕ್ಯಾಲೆಂಡರಿಗಿಂತ ಕಷ್ಟ. ನಡುವೆ ಅಧಿಕಮಾಸಗಳೂ ಕ್ಷಯತಿಥಿಗಳೂ ಬರುತ್ತವೆ, ಅವುಗಳನ್ನು ಸರಾಸರಿಯ ಮೇಲೆ ಹಿಡಿಯುವುದರಿಂದ ಉತ್ತರ ಒಂದು ದಿನ ಆಚೀಚೆ ಆಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಕಲಿಯುಗ ಆರಂಭವಾದದ್ದು ಶುಕ್ರವಾರವೆಂದು ಸಿದ್ಧಾಂತ. ಆದ್ದರಿಂದ ಅಹರ್ಗಣವನ್ನು ಏಳರಿಂದ ಭಾಗಿಸಿ, ಶೇಷವನ್ನು ಶುಕ್ರವಾರದಿಂದ ಎಣಿಸಿ, ಬಂದ ವಾರ ನಿಜವಾದ ವಾರಕ್ಕೆ ಹೊಂದದಿದ್ದರೆ ಒಂದು ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. 1947ರ ಆಗಸ್ಟ್ 15ರ ಅಹರ್ಗಣ 18,43,947. ಏಳರಿಂದ ಭಾಗಿಸಿದರೆ ಶೇಷವೇ ಉಳಿಯುವುದಿಲ್ಲ, ಸ್ವಾತಂತ್ರ್ಯ ಬಂದದ್ದು ಶುಕ್ರವಾರ.

ಶಾಸನ ಓದುವವರಿಗೂ ವಾರವೇ ಮೊದಲ ಪುರಾವೆ. ಶಕವರ್ಷ, ಮಾಸ, ತಿಥಿಯ ಜೊತೆಗೆ ವಾರವನ್ನೂ ಕೆತ್ತಿಸಿದ್ದರೆ ತಾರೀಖು ಸರಿಯಾಗಿ ಕೂಡುತ್ತದೆಯೇ ಎಂದು ಲೆಕ್ಕ ಹಾಕಿ ನೋಡುತ್ತಾರೆ. ಹೊಂದದಿದ್ದರೆ ಓದಿನಲ್ಲೋ ಬರಹದಲ್ಲೋ ಏನೋ ಎಡವಟ್ಟಾಗಿದೆ ಎಂದು ಎಚ್ಚರಗೊಳ್ಳುತ್ತಾರೆ.

ತಾಳಿಕೋಟೆಯ ಮಂಗಳವಾರ

ಇಲ್ಲಿಯವರೆಗಿನ ಲೆಕ್ಕಗಳೆಲ್ಲ ಒಂದೇ ಕ್ಯಾಲೆಂಡರಿನೊಳಗಿನವು. 1582ಕ್ಕಿಂತ ಹಿಂದಕ್ಕೆ ಹೋದರೆ ನೆಲವೇ ಬದಲಾಗುತ್ತದೆ. ವಿಜಯನಗರವನ್ನು ನೆಲಕಚ್ಚಿಸಿದ ರಕ್ಕಸಗಿ-ತಂಗಡಗಿಯ ಯುದ್ಧ, ಅಂದರೆ ತಾಳಿಕೋಟೆಯ ಕದನ ನಡೆದದ್ದು 1565ರ ಜನವರಿ 23, ಮಂಗಳವಾರ ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಇಂದಿನ ನಿಯಮವನ್ನೇ ಹಿಂದಕ್ಕೆ ಎಳೆದುಕೊಂಡು ಹೋದರೆ ಆ ದಿನ ಶನಿವಾರವಾಗುತ್ತದೆ. ಪುಸ್ತಕ ತಪ್ಪಿಲ್ಲ. ಆ ತಾರೀಖು ಸೀಸರನ ಹಳೆಯ ಕ್ಯಾಲೆಂಡರಿನದು. ಇಂದಿನ ಕ್ಯಾಲೆಂಡರಿಗೆ ತರಲು ಹತ್ತು ದಿನ ಕೂಡಿಸಬೇಕು, ಆಗ ಅದು ಫೆಬ್ರುವರಿ 2 ಆಗುತ್ತದೆ, ಮಂಗಳವಾರವೇ.

ಅಲ್ಲಿಂದ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ 1799ರ ಮೇ 4ರವರೆಗೆ ಎಷ್ಟು ದಿನವೆಂದು ಲೆಕ್ಕ ಹಾಕಿದರೆ ವಿಧಾನ ಪೂರ್ತಿ ಕೈಹತ್ತುತ್ತದೆ. ಮೇ 4 ಎಂದರೆ 61ಕ್ಕೆ 4 ಕೂಡಿ 65ನೆಯ ದಿನ, ವರ್ಷ 1799. ತಿದ್ದಿದ ಫೆಬ್ರುವರಿ 2 ಎಂದರೆ 337ಕ್ಕೆ 2 ಕೂಡಿ 339ನೆಯ ದಿನ, ವರ್ಷ 1564. ವ್ಯತ್ಯಾಸ 235 ವರ್ಷ, 365ರಿಂದ ಗುಣಿಸಿದರೆ 85,775. ಅಧಿಕ ದಿನಗಳು 1799ಕ್ಕೆ 449ರಲ್ಲಿ 17 ಹೋಗಿ 4 ಸೇರಿ 436, 1564ಕ್ಕೆ 391ರಲ್ಲಿ 15 ಹೋಗಿ 3 ಸೇರಿ 379, ವ್ಯತ್ಯಾಸ 57. ಕೂಡಿದರೆ 85,832. ಅದಕ್ಕೆ 65 ಸೇರಿಸಿ 339 ಕಳೆದರೆ 85,558. ಏಳರಿಂದ ಭಾಗಿಸಿದರೆ ಶೇಷ 4. ಮಂಗಳವಾರದಿಂದ ನಾಲ್ಕು ದಿನ ಮುಂದಕ್ಕೆ ಹೋದರೆ ಶನಿವಾರ. ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು ಶನಿವಾರವೇ. ಹಳೆಯ ತಾರೀಖನ್ನು ತಿದ್ದದೆ ಲೆಕ್ಕ ಹಾಕಿದ್ದರೆ ಹತ್ತು ದಿನ ಹೆಚ್ಚಾಗಿ ವಾರ ತಪ್ಪುತ್ತಿತ್ತು, ಆ ತಪ್ಪು ಅಲ್ಲೇ ಗೊತ್ತಾಗುತ್ತಿತ್ತು.

ಹದಿನೆಂಟನೆಯ ಶತಮಾನದ ಮೊದಲರ್ಧದ ಕಾಗದಪತ್ರಗಳಲ್ಲಿ ಇನ್ನೂ ಒಂದು ತೊಡಕಿದೆ. ಕ್ಯಾಥೊಲಿಕ್ ದೇಶಗಳು ಬೇಗ ಬದಲಾದವು, ಬ್ರಿಟನ್ 1752ರವರೆಗೆ ಹಟ ಹಿಡಿಯಿತು. ಆ ವರ್ಷದ ಸೆಪ್ಟೆಂಬರ್ 2ರ ಮರುದಿನವನ್ನು ಅಲ್ಲಿ 14 ಎಂದು ಕರೆದರು. 1700 ಹಳೆಯ ಕ್ಯಾಲೆಂಡರಿನಲ್ಲಿ ಅಧಿಕ ವರ್ಷ, ಹೊಸದರಲ್ಲಿ ಅಲ್ಲವಾದ್ದರಿಂದ ಅಂತರ ಹತ್ತರಿಂದ ಹನ್ನೊಂದಕ್ಕೆ ಏರಿತ್ತು. ಅದಕ್ಕೆ ಮುಂಚೆ 1746ರಲ್ಲಿ ಫ್ರೆಂಚರು ಮದ್ರಾಸನ್ನು ವಶಪಡಿಸಿಕೊಂಡ ಒಂದೇ ದಿನವನ್ನು ಫ್ರೆಂಚರು ಸೆಪ್ಟೆಂಬರ್ 21 ಎಂದೂ ಇಂಗ್ಲಿಷರು ಸೆಪ್ಟೆಂಬರ್ 10 ಎಂದೂ ಬರೆದುಕೊಂಡರು. ರಷ್ಯಾ ಬದಲಾದದ್ದು 1918ರಲ್ಲಿ. ಆದ್ದರಿಂದ ಹಳೆಯ ತಾರೀಖೊಂದು ಸಿಕ್ಕಾಗ ವರ್ಷ ಯಾವುದೆಂದು ನೋಡಿದರೆ ಸಾಲದು, ಬರೆದವರು ಯಾವ ದೇಶದವರೆಂದೂ ನೋಡಬೇಕು.

ಮುಂದಿನ ಶತಮಾನದ ವರ್ಷ

ಗ್ರೆಗರಿಯ 400 ವರ್ಷಗಳ ಒಂದು ಆವರ್ತದಲ್ಲಿ 1,46,097 ದಿನಗಳಿವೆ. ಈ ಸಂಖ್ಯೆ ಏಳರಿಂದ ನಿಶ್ಶೇಷವಾಗಿ ಭಾಗವಾಗಿ ಸರಿಯಾಗಿ 20,871 ವಾರಗಳಾಗುತ್ತದೆ. ಹೀಗಾಗಿ 400 ವರ್ಷಕ್ಕೊಮ್ಮೆ ತಾರೀಖು, ವಾರ, ಅಧಿಕ ವರ್ಷ ಮೂರೂ ಇದ್ದಲ್ಲಿಗೇ ಮರಳುತ್ತವೆ. 2025ರ ಕ್ಯಾಲೆಂಡರನ್ನು ಜೋಪಾನವಾಗಿಟ್ಟರೆ 2425ರಲ್ಲಿ ಗೋಡೆಗೆ ತೂಗುಹಾಕಬಹುದು.

ಬರೀ ನಾಲ್ಕರಿಂದ ಭಾಗಿಸಿ ನೋಡುವ ಸುಲಭದ ನಿಯಮ 1901ರಿಂದ 2099ರವರೆಗೆ ಎಲ್ಲೂ ತಪ್ಪುವುದಿಲ್ಲ. ಅದಕ್ಕೇ ಅದರ ಮೇಲೆ ಜನಕ್ಕೆ ಅಷ್ಟು ನಂಬಿಕೆ. ಯಂತ್ರಗಳೂ ಆ ನಂಬಿಕೆಯಿಂದ ಹೊರತಲ್ಲ. ಲೋಟಸ್ 1-2-3 ಎಂಬ ಹಳೆಯ ತಂತ್ರಾಂಶ 1900ನ್ನು ಅಧಿಕ ವರ್ಷವೆಂದು ಹಿಡಿದಿತ್ತು. ಅದರ ಕಡತಗಳು ಓದಲು ಬರಬೇಕೆಂದು ಎಕ್ಸೆಲ್ ಕೂಡ ಆ ತಪ್ಪನ್ನು ಉಳಿಸಿಕೊಂಡಿತು. ಇಂದಿಗೂ ಎಕ್ಸೆಲ್‌ನಲ್ಲಿ 60 ಎಂಬ ದಿನಸಂಖ್ಯೆಯನ್ನು ತಾರೀಖಾಗಿ ಬದಲಿಸಿದರೆ, ಎಂದೂ ಇರದಿದ್ದ 1900ರ ಫೆಬ್ರುವರಿ 29 ತೆರೆಯ ಮೇಲೆ ಮೂಡುತ್ತದೆ. ಆ ವರ್ಷದ ಮೊದಲೆರಡು ತಿಂಗಳನ್ನು ದಾಟುವ ಲೆಕ್ಕವನ್ನು ಅದರಲ್ಲಿ ಮಾಡುವವರು ಉತ್ತರದಲ್ಲಿ ಒಂದು ದಿನ ಕಳೆಯಬೇಕು. ತಮ್ಮ ಅಜ್ಜ-ಮುತ್ತಜ್ಜಂದಿರ ದಿನಗಳನ್ನು ಎಣಿಸಲು ಕೂರುವವರು ಯಂತ್ರದ ಉತ್ತರವನ್ನು ಏಳರಿಂದ ಒಮ್ಮೆ ಭಾಗಿಸಿ ನೋಡುವುದು ಒಳ್ಳೆಯದು.

ಇಂದು ಶಾಲೆಗೆ ಹೋಗುತ್ತಿರುವ ಮಕ್ಕಳಲ್ಲಿ ಹಲವರು ನೂರರ ನಿಯಮ ಜಾರಿಗೆ ಬರುವುದನ್ನು ಕಣ್ಣಾರೆ ಕಾಣುತ್ತಾರೆ. 2100ರ ಫೆಬ್ರುವರಿ 28 ಭಾನುವಾರ, ಮರುದಿನ ಮಾರ್ಚ್ 1, ಸೋಮವಾರ.